15ರಿಂದ 8, ಸಂದು ಚುಕ್ಕಿ: ಮೂರನೇ ಮಹಡಿಯಿಂದ ನೋಡಿದಾಗ

ಪುಣೆಯ ಸೊಸೈಟಿಗಳಲ್ಲಿ ದೀಪಾವಳಿಗೋ ನವೆಂಬರ್ 1ಕ್ಕೋ ಕನ್ನಡದ ಮನೆಗಳವರು ಸೇರಿ ಎರಡು ಕಟ್ಟಡಗಳ ನಡುವಿನ ಅಂಗಳದಲ್ಲಿ ದೊಡ್ಡ ರಂಗೋಲಿ ಹಾಕುವುದುಂಟು. ಹೊಸ್ತಿಲ ಮುಂದಿನ ರಂಗೋಲಿಯನ್ನು ನಿಂತವರು, ನಡೆದು ಬರುವವರು ನೋಡುತ್ತಾರೆ. ಅಂಗಳದ ರಂಗೋಲಿಯನ್ನು ನೋಡುವವರಲ್ಲಿ ಹೆಚ್ಚಿನವರು ಬಾಲ್ಕನಿಯಲ್ಲಿರುತ್ತಾರೆ. ಹಾಕುವವರು ಮಾತ್ರ ಕುಕ್ಕರಗಾಲಿನಲ್ಲಿ ಕೂತು, ಒಂದೂವರೆ ಅಡಿ ದೂರದಿಂದ ನೋಡುತ್ತ ಹಾಕುತ್ತಾರೆ. ಅಲ್ಲಿ ಚೆಂದ ಕಂಡದ್ದು ಮೇಲಿನಿಂದ ಯಾಕೆ ಮಂಕಾಗುತ್ತದೆ, ಅದನ್ನು ಪುಡಿ ಚೆಲ್ಲುವ ಮೊದಲೇ ಹೇಗೆ ಕಂಡುಹಿಡಿಯಬಹುದು ಎಂಬುದನ್ನು ಒಂದೇ ವಿನ್ಯಾಸ ಇಟ್ಟುಕೊಂಡು ನೋಡೋಣ.

ವಿನ್ಯಾಸ ಎಲ್ಲರಿಗೂ ಗೊತ್ತಿರುವಂಥದ್ದೇ: 15ರಿಂದ 8, ಸಂದು ಚುಕ್ಕಿ. ಪಕ್ಕದ ಮನೆಯ ಮರಾಠಿಯವರು 'ಪಂಧರಾ ತೇ ಆಠ' ಅನ್ನುತ್ತಾರೆ. ನಡುವಿನ ಸಾಲಿನಲ್ಲಿ 15 ಚುಕ್ಕಿ. ಅದರ ಮೇಲೂ ಕೆಳಗೂ 14, 13 ಎಂದು ಇಳಿಯುತ್ತ 8ಕ್ಕೆ ನಿಲ್ಲುತ್ತದೆ. ಪ್ರತಿ ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಬೀಳುತ್ತದೆ. ಒಟ್ಟು 15 ಸಾಲು, 169 ಚುಕ್ಕಿ, ಹೊರಗಿನ ಆಕಾರ ಆರು ಮೂಲೆಯದು. ಒಳಗೆ ಆರು ಎಸಳಿನ ಹಳದಿ ಹೂವು, ಎಸಳುಗಳ ನಡುವೆ ಹಸಿರು ಎಲೆ, ಸುತ್ತ ಕೆಂಪು ಅಂಚು. ರಾಜ್ಯೋತ್ಸವದ ದಿನವಾದ್ದರಿಂದ ಹಳದಿ-ಕೆಂಪು ಮುಖ್ಯ.

ಬಣ್ಣದ ಮಾತಿಗೆ ಮುಂಚೆ ಚುಕ್ಕಿಯನ್ನೇ ಪರೀಕ್ಷಿಸಬೇಕು. ಎಳೆ ಸೊಟ್ಟಗಾದರೆ ಒರೆಸಿ ಮತ್ತೆ ಎಳೆಯಬಹುದು. ಚುಕ್ಕಿ ತಪ್ಪಿದ್ದರೆ ಅದರ ಮೇಲೆ ಎಷ್ಟು ನಾಜೂಕಾಗಿ ಎಳೆದರೂ ಹೂವು ಒಂದು ಕಡೆಗೆ ಉದ್ದವಾಗಿಯೇ ಕಾಣುತ್ತದೆ. ಸಂದು ಚುಕ್ಕಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಚುಕ್ಕಿ-ಚುಕ್ಕಿಯ ನಡುವೆ ಎಷ್ಟು ಅಂತರವೋ ಸಾಲು-ಸಾಲಿನ ನಡುವೆಯೂ ಅಷ್ಟೇ ಬಿಡುವುದು. ನೇರ ಚುಕ್ಕಿಗೆ ಅದು ಸರಿ. ಸಂದು ಚುಕ್ಕಿಯಲ್ಲಿ ಪಕ್ಕಪಕ್ಕದ ಮೂರು ಚುಕ್ಕಿ ಸೇರಿದರೆ ಮೂರೂ ಬದಿ ಸಮ ಇರುವ ತ್ರಿಕೋನ ಆಗಬೇಕು. ಅಂಥ ತ್ರಿಕೋನದ ಎತ್ತರ ಅದರ ಬದಿಗಿಂತ ಕಡಿಮೆ, ಬದಿ 1 ಆದರೆ ಎತ್ತರ 0.866. ನೆನಪಿಡಲು ಸುಲಭದ ಲೆಕ್ಕ 'ಎಂಟಕ್ಕೆ ಏಳು'. ಚುಕ್ಕಿಯಿಂದ ಚುಕ್ಕಿಗೆ 8 ಸೆಂಟಿಮೀಟರ್ ಇದ್ದರೆ ಸಾಲಿನಿಂದ ಸಾಲಿಗೆ 7. ಹೊಸ್ತಿಲ ಮುಂದೆ ಇಷ್ಟು ಸಾಕು. ಅಂಗಳಕ್ಕೆ ಅದನ್ನೇ ಇಮ್ಮಡಿ ಮಾಡಿ 16 ಮತ್ತು 14 ಹಿಡಿಯಿರಿ. ಆಗ ರಂಗೋಲಿಯ ಅಗಲ 224 ಸೆಂಟಿಮೀಟರ್, ಎತ್ತರ 196. ಅಗಲಕ್ಕಿಂತ ಎತ್ತರ ಕಡಿಮೆ ಬಂತಲ್ಲ ಎಂದು ಹೆದರಬೇಕಿಲ್ಲ. ಆರು ಮೂಲೆಯ ಆಕಾರಕ್ಕೆ ಅದೇ ಸರಿಯಾದ ಅಳತೆ.

ಚುಕ್ಕಿ ಇಟ್ಟ ಮೇಲೆ ಪರೀಕ್ಷೆಗೆ ಒಂದು ದಾರ ಸಾಕು. ನಟ್ಟನಡುವಿನ ಚುಕ್ಕಿಯ ಮೇಲೆ ದಾರದ ತುದಿ ಹಿಡಿದು ಆರೂ ಮೂಲೆಯ ಚುಕ್ಕಿಗಳಿಗೆ ಒಂದೊಂದಾಗಿ ಎಳೆದು ನೋಡಿ. ಎಲ್ಲವೂ 112 ಸೆಂಟಿಮೀಟರ್‌ನ ಆಸುಪಾಸು ಬರಬೇಕು, ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಪರವಾಗಿಲ್ಲ. ಎಡಬಲದ ಎರಡು ಮೂಲೆ 112 ಇದ್ದು ಮೇಲಿನ ಎರಡು, ಕೆಳಗಿನ ಎರಡು 125 ಬಂದರೆ ಸಾಲಿನ ಅಂತರವನ್ನೂ 16 ಹಿಡಿದಿದ್ದಾರೆ ಎಂದೇ ಅರ್ಥ. ಇನ್ನೊಂದು ಬಗೆಯ ತಪ್ಪೂ ಇದೇ ದಾರಕ್ಕೆ ಸಿಗುತ್ತದೆ. ಮೇಲಿನ ಬಲಮೂಲೆ 117, ಮೇಲಿನ ಎಡಮೂಲೆ 108, ಕೆಳಗೆ ಇದರ ತಿರುಗುಮುರುಗು ಬಂದರೆ ಸಾಲುಗಳ ನಡುವಿನ ಅಂತರ ಸರಿಯಾಗಿದೆ, ಆದರೆ ಸಾಲುಗಳು ಒಂದು ಕಡೆಗೆ ಜಾರಿವೆ. ಇಡೀ ಚೌಕಟ್ಟು ವಾಲಿದೆ.

ವಾಲುವುದಕ್ಕೆ ಕಾರಣ ಬಹುಮಟ್ಟಿಗೆ ನೆಲವೇ. ಸೊಸೈಟಿ ಅಂಗಳದ ಪೇವರ್ ಬ್ಲಾಕುಗಳ ಗೆರೆ ಕಣ್ಣನ್ನು ಎಳೆಯುತ್ತದೆ. ಚುಕ್ಕಿ ಇಡುವ ಕೈ ತನಗರಿವಿಲ್ಲದೆ ಆ ಗೆರೆಯನ್ನು ಹಿಡಿದು ಹೋಗುತ್ತದೆ. ಅದಕ್ಕೇ ನಡುವಿನ ಸಾಲಿನ 15 ಚುಕ್ಕಿ ಮೊದಲು ಇಟ್ಟು, ಎಂಟನೇ ಚುಕ್ಕಿಯಿಂದ ನೆಟ್ಟಗೆ ಮೇಲಕ್ಕೂ ಕೆಳಕ್ಕೂ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿಕೊಳ್ಳಬೇಕು. ಗೆರೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರ ಹಳೆಯ ಕ್ರಮವೇ ಸಾಕು. ಸಾಲಿನ ಮೇಲೆ 60 ಸೆಂಟಿಮೀಟರ್, ಗೆರೆಯ ಮೇಲೆ 80 ಗುರುತು ಮಾಡಿದರೆ ಎರಡು ಗುರುತುಗಳ ನಡುವಿನ ಓರೆ ದೂರ ಸರಿಯಾಗಿ 100 ಬರಬೇಕು. ಆಮೇಲೆ ಸಾಲುಗಳನ್ನು ಒಂದರಿಂದ ಇನ್ನೊಂದಕ್ಕೆ ಅಳೆಯುತ್ತ ಹೋಗಬಾರದು. ಪ್ರತಿ ಸಾಲಿಗೆ ಅರ್ಧ ಸೆಂಟಿಮೀಟರ್ ಹೆಚ್ಚಾದರೂ ಏಳನೇ ಸಾಲಿಗೆ ಮೂರೂವರೆ ಸೆಂಟಿಮೀಟರ್ ಆಗಿರುತ್ತದೆ. ನಡುಸಾಲಿನಿಂದಲೇ 14, 28, 42, 56, 70, 84, 98 ಎಂದು ಒಂದೇ ಪಟ್ಟಿ ಹಿಡಿದು ಗುರುತು ಮಾಡಿಕೊಂಡರೆ ತಪ್ಪು ಕೂಡುತ್ತ ಹೋಗುವುದಿಲ್ಲ.

ಹೊಸ್ತಿಲ ರಂಗೋಲಿಗೆ ಊದುಬತ್ತಿಯಿಂದ ತೂತು ಸುಟ್ಟ ಕಾಗದ ಬಳಸುವವರು ಇಲ್ಲಿ ಈಗಲೂ ಇದ್ದಾರೆ. ಕಾಗದ ಹಾಸಿ, ಮೇಲೆ ಪುಡಿ ಉದುರಿಸಿ, ಅಂಗೈಯಿಂದ ಸವರಿ ಎತ್ತಿದರೆ ಚುಕ್ಕಿಗಳೆಲ್ಲ ಒಂದೇ ಸಲಕ್ಕೆ ಬಿದ್ದಿರುತ್ತವೆ. ಒಳ್ಳೆಯ ಉಪಾಯ, ಆದರೆ ಕಾಗದದಲ್ಲಿನ ತಪ್ಪು ಪ್ರತಿ ಸಲವೂ ನೆಲಕ್ಕೆ ಇಳಿಯುತ್ತದೆ. ಚೌಕಳಿ ಪುಸ್ತಕದ ಹಾಳೆಯಿಂದ ನಕಲು ಮಾಡಿದ ಕಾಗದವಾದರೆ ಅದು ನೇರ ಚುಕ್ಕಿಗೆ ಮಾತ್ರ. ಅದನ್ನೇ ಅರ್ಧ ಮನೆ ಸರಿಸಿ ಸಂದು ಚುಕ್ಕಿ ಮಾಡಿಕೊಂಡರೆ ಎಂಟಕ್ಕೆ ಎಂಟು ಆಗಿಬಿಡುತ್ತದೆ. ಚಿಕ್ಕ ಕಾಗದವನ್ನು ಸರಿಸಿ ಸರಿಸಿ ಬಳಸುವಾಗ ಅದರ ಮೊದಲ ಸಾಲಿನ ತೂತುಗಳು ನೆಲದ ಮೇಲೆ ಆಗಲೇ ಬಿದ್ದ ಕೊನೆಯ ಸಾಲಿನ ಮೇಲೆ ಕೂರಬೇಕು. ಅಂದಾಜಿನಲ್ಲಿ ಅಂಚಿಗೆ ಅಂಚು ಜೋಡಿಸಿದರೆ ಆ ಜೋಡಣೆಯ ಜಾಗದಲ್ಲಿ ಹೂವಿನ ಸೊಂಟ ಮುರಿದಂತೆ ಕಾಣುತ್ತದೆ.

ಇನ್ನು ವಿನ್ಯಾಸದ ಸಮತೆ. ಸಂದು ಚುಕ್ಕಿಯ ಚೌಕಟ್ಟನ್ನು ಆರನೇ ಒಂದು ಸುತ್ತು ತಿರುಗಿಸಿದರೆ ಚುಕ್ಕಿಯ ಮೇಲೆ ಚುಕ್ಕಿ ಬೀಳುತ್ತದೆ. ಕಾಲು ಸುತ್ತು ತಿರುಗಿಸಿದರೆ ಬೀಳುವುದಿಲ್ಲ. ಹಾಗಾಗಿ ಮೂರು, ಆರು, ಹನ್ನೆರಡು ಎಸಳಿನ ಹೂವು ಇದರಲ್ಲಿ ಸಲೀಸಾಗಿ ಕೂರುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ದೀಪ ಬೇಕೆಂದು ಇದೇ ಚುಕ್ಕಿಯಲ್ಲಿ ಬಿಡಿಸಲು ಹೋದರೆ ಮೇಲೆ-ಕೆಳಗಿನ ದೀಪ ಒಂದು ಆಕಾರ, ಎಡ-ಬಲದ ದೀಪ ಇನ್ನೊಂದು ಆಕಾರ ಆಗುತ್ತವೆ. ಎಷ್ಟು ಒರೆಸಿ ಬರೆದರೂ ಸರಿಹೋಗುವುದಿಲ್ಲ, ಯಾಕೆಂದರೆ ತಪ್ಪು ಕೈಯದಲ್ಲ, ಚೌಕಟ್ಟಿನ ಆಯ್ಕೆಯದು. ನಾಲ್ಕು ದೀಪ, ಎಂಟು ಎಸಳು ಬೇಕಿದ್ದರೆ ನೇರ ಚುಕ್ಕಿ ಇಡಬೇಕು. ಐದೆಸಳು ಎರಡರಲ್ಲೂ ಕೂರದು, ಅದನ್ನು ಚುಕ್ಕಿ ಇಲ್ಲದೆ ಕೈಯಿಂದ ಬಿಡಿಸುವುದೇ ವಾಸಿ.

ನಮ್ಮ ವಿನ್ಯಾಸ ಆರೆಸಳಿನದು, ಆ ತೊಂದರೆ ಇಲ್ಲ. ಅದನ್ನು ಪರೀಕ್ಷಿಸಲು ನಡುಚುಕ್ಕಿಯಿಂದ ಆರು ಮೂಲೆಗಳಿಗೆ ಗೆರೆ ಎಳೆದಂತೆ ಭಾವಿಸಿ. ಹೋಳಿಗೆ ಕತ್ತರಿಸಿದ ಹಾಗೆ ಆರು ಸಮ ಹೋಳುಗಳಾಗುತ್ತವೆ. ಪ್ರತಿ ಹೋಳಿನಲ್ಲಿ ಚುಕ್ಕಿ-ಚುಕ್ಕಿಯ ನಡುವಿನ ಪುಟ್ಟ ತ್ರಿಕೋನಗಳು 49. ನಡುವಿನಿಂದ ಹೊರಕ್ಕೆ ಸುತ್ತಿಗೊಂದರಂತೆ 1, 3, 5, 7, 9, 11, 13. ಇಡೀ ರಂಗೋಲಿಗೆ 294. ಈ ಲೆಕ್ಕ ಗೊತ್ತಿದ್ದರೆ ಸಮತೆಯ ಪರೀಕ್ಷೆ ತುಂಬ ಸುಲಭ. ಯಾವುದೇ ಬಣ್ಣದ ತ್ರಿಕೋನಗಳನ್ನು ಎಣಿಸಿ, ಆರರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಹಸಿರು 36 ಇರಬೇಕಾದಲ್ಲಿ 35 ಬಂದರೆ ಎಲ್ಲೋ ಒಂದು ಎಲೆ ಅರ್ಧ ಉಳಿದಿದೆ. ಎಣಿಕೆ ಸರಿಬಂದ ಮಾತ್ರಕ್ಕೆ ಜಾಗವೂ ಸರಿ ಎನ್ನುವಂತಿಲ್ಲ, ಆದರೆ ಎಣಿಕೆ ತಪ್ಪಿದ್ದರೆ ತಪ್ಪು ಇದ್ದೇ ಇದೆ.

ಬಣ್ಣದ ತೂಕವೂ ಇದೇ ಎಣಿಕೆಯಲ್ಲಿ ತಿಳಿಯುತ್ತದೆ. ಮೊದಲ ಕರಡಿನಲ್ಲಿ ಬಣ್ಣ ಹೀಗಿತ್ತು ಎಂದಿಟ್ಟುಕೊಳ್ಳೋಣ. ಒಂದು ಹೋಳಿನಲ್ಲಿ ಒಳಗಿನ ಎರಡು ಸುತ್ತು ಕೆಂಪು, ಅಂದರೆ 4 ತ್ರಿಕೋನ. ಮೂರು, ನಾಲ್ಕು, ಐದನೇ ಸುತ್ತಿನ 21ರಲ್ಲಿ ಎಸಳಿಗೆ 15 ಹಳದಿ. ನಾಲ್ಕನೇ ಸುತ್ತಿನ ಎರಡು ತುದಿಯಲ್ಲಿ ಒಂದೊಂದು, ಐದನೇ ಸುತ್ತಿನ ಎರಡು ತುದಿಯಲ್ಲಿ ಎರಡೆರಡು, ಹೀಗೆ 6 ಹಸಿರು. ಹೊರಗಿನ ಎರಡು ಸುತ್ತು ಪೂರ್ತಿ ಕೆಂಪು ಅಂಚು. ಪುಸ್ತಕದಲ್ಲಿ ಬರೆದಾಗ ಇದು ಹಳದಿ ಹೂವಿನ ರಂಗೋಲಿ. ಕಣ್ಣು ಹೂವಿನ ಮೇಲೇ ಇರುವುದರಿಂದ ಅಂಚು ಬರೀ ಅಂಚಿನಂತೆ ತೋರುತ್ತದೆ.

ಆದರೆ ಹೊರಗಿನ ಎರಡು ಸುತ್ತಿನಲ್ಲಿ 49ಕ್ಕೆ 24 ತ್ರಿಕೋನ ಇವೆ. ಹೆಚ್ಚುಕಡಿಮೆ ಅರ್ಧ ರಂಗೋಲಿ ಅಲ್ಲೇ ಇದೆ. ಒಳಗಿನ ಮೂರು ಸುತ್ತು ಸೇರಿದರೂ 9 ಮಾತ್ರ, ಐದನೇ ಒಂದು ಪಾಲೂ ಆಗುವುದಿಲ್ಲ. ಹೀಗಾಗಿ ಈ ಕರಡಿನಲ್ಲಿ ಕೆಂಪು 168, ಹಳದಿ 90, ಹಸಿರು 36. ನೆಲದ ಮೇಲೆ ಇದು ಹಳದಿ ಮಚ್ಚೆಯಿರುವ ಕೆಂಪು ರಂಗೋಲಿ. ಪುಡಿ ತರುವವರಿಗೂ ಈ ಎಣಿಕೆ ಬೇಕು. 16 ಮತ್ತು 14ರ ಅಳತೆಯಲ್ಲಿ ಒಂದು ತ್ರಿಕೋನ 112 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ದಪ್ಪಕ್ಕೆ ಜರಡಿಯಲ್ಲಿ ಉದುರಿಸಿದರೂ ಎರಡು ಟೀ ಚಮಚಕ್ಕಿಂತ ತುಸು ಹೆಚ್ಚು ಪುಡಿ ಹಿಡಿಯುತ್ತದೆ. 168 ಕೆಂಪು ತ್ರಿಕೋನಕ್ಕೆ 200 ಮಿಲಿಲೀಟರಿನ ಲೋಟದಲ್ಲಿ ಒಂಬತ್ತು ಲೋಟದ ಮೇಲೆ ಬೇಕು. ಪೊಟ್ಟಣ ಮುಗಿದು ಐದನೇ ಹೋಳಿಗೆ ಬೇರೆ ಅಂಗಡಿಯ ಕೆಂಪು ತಂದರೆ, ಆ ಒಂದು ಹೋಳು ಬೇರೆಯಾಗಿಯೇ ಕಾಣುತ್ತದೆ. ಬಣ್ಣದ ಪುಡಿಯಲ್ಲಿ ಬಿಳಿ ಪುಡಿ ಎಷ್ಟು ಬೆರೆಸಿದ್ದಾರೆ ಎಂಬುದರ ಮೇಲೆ ಕೆಂಪಿನ ಗಾಢತೆ ಬದಲಾಗುತ್ತದಲ್ಲ. ಬೇಕಾದಷ್ಟನ್ನು ಒಂದೇ ಕಡೆ ತಂದು, ಒಂದು ಪರಾತದಲ್ಲಿ ಕಲಸಿಟ್ಟುಕೊಂಡು ಶುರು ಮಾಡಬೇಕು.

ಈಗ ಮೂರನೇ ಮಹಡಿಗೆ ಹೋಗೋಣ. ಮಹಡಿಗೆ 3 ಮೀಟರ್ ಹಿಡಿದರೆ ಅಲ್ಲಿ ನಿಂತವರ ಕಣ್ಣು ನೆಲದಿಂದ ಸುಮಾರು 10.5 ಮೀಟರ್ ಮೇಲಿರುತ್ತದೆ. ರಂಗೋಲಿ ಗೋಡೆಯಿಂದ 6 ಮೀಟರ್ ಆಚೆ ಇದೆ ಎನ್ನಿ. ನೋಟ ನೇರ ಕೆಳಕ್ಕಲ್ಲ, ಸುಮಾರು 60 ಡಿಗ್ರಿ ಓರೆಯಾಗಿ ಇಳಿಯುತ್ತದೆ. ಹಾಗೆ ನೋಡಿದಾಗ ನೋಡುವವರಿಂದ ದೂರಕ್ಕೆ ಹೋಗುವ ಅಳತೆ 100ಕ್ಕೆ 87 ಆಗಿ ಕುಗ್ಗುತ್ತದೆ, ಅಡ್ಡ ಅಗಲ ಕುಗ್ಗುವುದಿಲ್ಲ. ಮೊದಲ ಮಹಡಿಯಿಂದ ನೋಡಿದರೆ 100ಕ್ಕೆ 60 ಮಾತ್ರ, ರಂಗೋಲಿ ಅಮುಕಿದಂತೆ ಕಾಣುತ್ತದೆ. ಏಳನೇ ಮಹಡಿಯಿಂದ 97, ಬಹುತೇಕ ಇದ್ದ ಹಾಗೇ.

ಇಲ್ಲೊಂದು ವಿಚಿತ್ರ ಗಮನಿಸಬೇಕು. ಸಾಲಿನ ಅಂತರವನ್ನೂ 16 ಹಿಡಿದು ಉದ್ದವಾಗಿಸಿದ ತಪ್ಪು ಚೌಕಟ್ಟು, ಸಾಲುಗಳು ಕಟ್ಟಡಕ್ಕೆ ಸಮಾನಾಂತರವಾಗಿದ್ದರೆ, ಮೂರನೇ ಮಹಡಿಯ ಈ ಓರೆನೋಟದಲ್ಲಿ ಸರಿಯಾಗಿ ಕಾಣುತ್ತದೆ! ಎಂಟಕ್ಕೆ ಏಳರ ಕೊರತೆಯೂ 100ಕ್ಕೆ 87ರ ಕುಗ್ಗುವಿಕೆಯೂ ಹೆಚ್ಚುಕಡಿಮೆ ಒಂದೇ. ಬಾಲ್ಕನಿಯಿಂದ ಫೋಟೊ ತೆಗೆದು 'ಸರಿಯಾಗಿದೆ' ಎಂದವರು, ಕೆಳಗೆ ಬಂದಾಗ ಹೂವು ಉದ್ದವಾಗಿದೆ ಎಂದು ತಲೆ ಕೆಡಿಸಿಕೊಳ್ಳುವುದು ಇದರಿಂದಲೇ. ಅದಕ್ಕೇ ಚೌಕಟ್ಟಿನ ತೀರ್ಮಾನ ದಾರದಿಂದಲೇ ಆಗಬೇಕು, ಫೋಟೊದಿಂದ ಅಲ್ಲ. ಎದುರುಬದುರು ಎರಡೂ ಕಟ್ಟಡಗಳಿಂದ, ಎಲ್ಲ ಮಹಡಿಗಳಿಂದ ನೋಡುವವರಿದ್ದರೆ ನಿಜವಾದ ಅಳತೆಯೇ ಒಳ್ಳೆಯದು. ನೋಡುವ ಜಾಗ ಒಂದೇ ಆಗಿದ್ದರೆ, ಉದಾಹರಣೆಗೆ ಮೂರನೇ ಮಹಡಿಯ ಸಭಾಂಗಣ, ಬೇಕೆಂದೇ ಉದ್ದ ಮಾಡಬಹುದು. ಅದು ತಿಳಿದು ಮಾಡಿದ ಆಯ್ಕೆಯಾಗಿರಬೇಕು ಅಷ್ಟೇ.

ಮೇಲಿನಿಂದ ಮೊದಲು ಮಾಯವಾಗುವುದು ಎಳೆ. ಚೆನ್ನಾಗಿರುವ ಕಣ್ಣಿಗೂ 10 ಮೀಟರ್ ದೂರದಲ್ಲಿ ಸುಮಾರು 3 ಮಿಲಿಮೀಟರ್‌ಗಿಂತ ಹತ್ತಿರದ ಎರಡು ಗೆರೆ ಬೇರೆ ಬೇರೆಯಾಗಿ ತೋರುವುದಿಲ್ಲ. ಮೂರನೇ ಮಹಡಿಯ ಓರೆ ದೂರ 12 ಮೀಟರ್, ಏಳನೆಯದರಿಂದ 23. ಚಿಟಿಕೆಯಲ್ಲಿ ಬಿಟ್ಟ ಎಳೆಯ ದಪ್ಪ 3-4 ಮಿಲಿಮೀಟರ್. ಕಡು ನೆಲದ ಮೇಲೆ ಒಂಟಿಯಾಗಿದ್ದರೆ ಅದು ಬಿಳಿ ಛಾಯೆಯಂತೆ ತೋರಬಹುದು, ಆದರೆ ಹಳದಿಗೂ ಹಸಿರಿಗೂ ನಡುವೆ ಸಿಕ್ಕಿಕೊಂಡರೆ ಇದ್ದೂ ಇಲ್ಲದ ಹಾಗೆ. ಕಣ್ಣಿನ ಮಿತಿಯ ಮೂರು-ನಾಲ್ಕು ಪಟ್ಟು ದಪ್ಪ ಇಟ್ಟರೆ ಸಲೀಸಾಗಿ ಕಾಣುತ್ತದೆ. ಮೂರನೇ ಮಹಡಿಗೆ ಒಂದೂವರೆ ಸೆಂಟಿಮೀಟರ್, ಏಳನೆಯದಕ್ಕೆ ಎರಡರಿಂದ ಎರಡೂವರೆ. ಇಷ್ಟು ದಪ್ಪಕ್ಕೆ ಚಿಟಿಕೆ ಸಾಲದು. ಮುಷ್ಟಿಯಲ್ಲಿ ಪುಡಿ ಹಿಡಿದು ಐದೂ ಬೆರಳಿನ ಸಂದಿನಿಂದ ಬಿಡುವ ಇಲ್ಲಿನ ಕ್ರಮ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಎಲ್ಲ ಎಳೆಯನ್ನೂ ದಪ್ಪ ಮಾಡಬೇಕಿಲ್ಲ. ಎಸಳಿನ ಹೊರಗೆರೆ, ಇಡೀ ಆಕಾರದ ಹೊರಗೆರೆ, ಇವೆರಡು ಸಾಕು. ಒಳಗಿನ ಸಣ್ಣ ಎಳೆ ಹತ್ತಿರ ಬಂದವರಿಗೆ ಇರಲಿ.

ಎಳೆಯ ನಂತರ ಕೈಕೊಡುವುದು ಬಣ್ಣಗಳ ನಡುವಿನ ಗಡಿ. ದೂರದಿಂದ ಕಣ್ಣು ಬಣ್ಣದ ಹೆಸರಿಗಿಂತ ಅದು ತಿಳಿಯೋ ಗಾಢವೋ ಎಂಬುದನ್ನು ಹಿಡಿಯುತ್ತದೆ. ಪರೀಕ್ಷೆಗೆ ಫೋನಿನ ಕಪ್ಪುಬಿಳುಪು ಫಿಲ್ಟರ್ ಹಾಕಿ ಬಾಲ್ಕನಿಯಿಂದ ಒಂದು ಚಿತ್ರ ತೆಗೆಯಿರಿ. ಅಗಲ ನೋಟದ ಲೆನ್ಸ್ ಬೇಡ, ಅದು ಹತ್ತಿರದ ಬದಿಯನ್ನು ಹಿಗ್ಗಿಸುತ್ತದೆ. ಎರಡು ಪಟ್ಟು ಜೂಮ್ ಮಾಡಿ ರಂಗೋಲಿ ನಡುವೆ ಬರುವಂತೆ ತೆಗೆಯಿರಿ. ಚಿತ್ರದಲ್ಲಿ ಯಾವ ಎರಡು ಬಣ್ಣ ಒಂದೇ ಬೂದಾಗಿ ಕೂಡಿಕೊಂಡವೋ ಅವು ಪಕ್ಕಪಕ್ಕ ಇರಬಾರದು. ನಮ್ಮ ಕರಡಿನಲ್ಲಿ ಕಡುಹಸಿರು ಎಲೆ ಕೆಂಪು ಅಂಚಿಗೆ ತಾಗಿಕೊಂಡಿದೆ, ಎರಡೂ ಗಾಢ. ಎಲೆಗಳು ಅಂಚಿನೊಳಗೆ ಕರಗಿ, ಹೂವಿಗೆ ಎಲೆಯೇ ಇಲ್ಲದಂತಾಗುತ್ತದೆ. ಕೆಂಪು ಅಂಚು ಬೂದು ಪೇವರ್‌ಗೂ ಹತ್ತಿರದ ಗಾಢತೆಯದು, ಹಾಗಾಗಿ ಹೊರಗಿನ ಆರು ಮೂಲೆಯೂ ಮಸುಕು. ಕೊನೆಗೆ ಉಳಿಯುವುದು ತೇಲುವ ಆರು ಹಳದಿ ಎಸಳು.

ತಿದ್ದುವುದು ಸುಲಭ. ಆರನೇ ಸುತ್ತನ್ನು ಖಾಲಿ ಬಿಡಿ. ಪ್ರತಿ ಹೋಳಿನಲ್ಲಿ 11 ತ್ರಿಕೋನದಷ್ಟು ಬರೀ ನೆಲ. ಆ ಜಾಗಕ್ಕೆ ಬಿಳಿ ತುಂಬಬೇಕೆನಿಸುತ್ತದೆ, ತುಂಬಬೇಡಿ. ಹಳದಿಯೂ ಬಿಳಿಯೂ ಎರಡೂ ತಿಳಿ, ಪಕ್ಕದ ಹಳದಿ ಅದರಲ್ಲಿ ಬೆರೆತುಹೋಗುತ್ತದೆ. ಏಳನೇ ಸುತ್ತಿನ 13ರಲ್ಲಿ ಹೊರಕ್ಕೆ ಬುಡವಿರುವ 7 ಕೆಂಪು, ಅವುಗಳ ನಡುವಿನ 6 ಹಳದಿ ಮಾಡಿ. ಇಳಕಲ್ ಸೀರೆಯ ಸೆರಗಿನ ಗೋಪುರಗಳಂತೆ ಕೆಂಪು-ಹಳದಿ ಹಲ್ಲುಗಳು ಬರುತ್ತವೆ. ಹೊರಗೆ ಸುತ್ತಲೂ ಎರಡು ಸೆಂಟಿಮೀಟರಿನ ಬಿಳಿ ಗೆರೆ. ಕಡುಹಸಿರಿನ ಬದಲು ಗಿಳಿಹಸಿರು ಹಾಕುವ ಆಸೆ ಬೇಡ, ಅದು ಹಳದಿಗೆ ಹತ್ತಿರವಾಗುತ್ತದೆ. ಅಂಚಿನಿಂದ ಬಿಡಿಸಿಕೊಂಡ ಮೇಲೆ ಕಡುಹಸಿರೇ ಹಳದಿಯ ಪಕ್ಕ ಎದ್ದು ಕಾಣುತ್ತದೆ. ಅದಕ್ಕೂ ನೆಲದ ಬೂದಿಗೂ ನಡುವೆ ಒಂದು ಬಿಳಿ ಎಳೆ ಬೇಕು. ಈಗ ಎಣಿಸಿ: ಕೆಂಪು 66, ಹಳದಿ 126, ಹಸಿರು 36, ಖಾಲಿ 66. ಕೂಡಿದರೆ 294, ನಾಲ್ಕೂ ಆರರಿಂದ ಭಾಗವಾಗುತ್ತವೆ. ಕೆಂಪು ಪುಡಿ ಒಂಬತ್ತು ಲೋಟದಿಂದ ನಾಲ್ಕರೊಳಗೆ ಇಳಿಯಿತು.

ಪೇವರ್‌ನ ಗೆರೆ ಮುಚ್ಚಲು ಇಲ್ಲಿ ಅನೇಕರು ಮೊದಲು ಗೇರು, ಅಂದರೆ ನಮ್ಮ ಕೆಮ್ಮಣ್ಣು, ಬಳಿಯುತ್ತಾರೆ. ಬಿಳಿ ಎಳೆಗೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ಆದರೆ ಈ ವಿನ್ಯಾಸದ ಖಾಲಿ ಸುತ್ತು ಆಗ ಕೆಂಗಂದು ಬಣ್ಣದ್ದಾಗುತ್ತದೆ, ಅದರ ಪಕ್ಕದ ಕೆಂಪು ಹಲ್ಲುಗಳು ಮುಳುಗುತ್ತವೆ. ಗೇರು ಬಳಿಯುವುದಾದರೆ ಅಂಚಿನ ಕೆಂಪು ಹಲ್ಲುಗಳ ಜಾಗವನ್ನು ಖಾಲಿ ಬಿಡಿ, ಅಲ್ಲಿನ ಕೆಂಪನ್ನು ನೆಲವೇ ಕೊಡಲಿ. ನಡುವಿನ ಎರಡು ಸುತ್ತಿನ ಕೆಂಪಿಗೆ ಮಾತ್ರ ಬಿಳಿ ಹೊರಗೆರೆ ಇದ್ದರೆ ಸಾಕು.

ಕೊನೆಯ ಪರೀಕ್ಷೆ ಮುಸ್ಸಂಜೆಯದು. ಬೆಳಕು ಇಳಿಯುತ್ತ ಹೋದಂತೆ ಕಣ್ಣಿಗೆ ಕೆಂಪು ಬೇರೆಲ್ಲ ಬಣ್ಣಕ್ಕಿಂತ ಬೇಗ ಕಪ್ಪಾಗುತ್ತದೆ, ನೀಲಿ-ಹಸಿರುಗಳು ಹೋಲಿಕೆಯಲ್ಲಿ ತಿಳಿಯಾಗುತ್ತವೆ. ಮಧ್ಯಾಹ್ನ ಉರಿಯುತ್ತಿದ್ದ ಕೆಂಪು ಅಂಚು ಸಂಜೆ ಆರೂವರೆಗೆ ನೆಲದೊಂದಿಗೆ ಸೇರಿಹೋಗುವುದು ಅದರಿಂದ. ಅಂಗಳದಲ್ಲಿ ಹಳದಿ ಸೋಡಿಯಂ ದೀಪ ಇದ್ದರೆ ಹಸಿರು, ಕೆಂಪು ಎರಡೂ ಕಂದಾಗುತ್ತವೆ. ಬಿಳಿ ಎಲ್‌ಇಡಿ ಇದ್ದರೆ ಅಷ್ಟು ಕೆಡುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಮುಗಿಸಿ ಮೆಚ್ಚಿಕೊಂಡ ರಂಗೋಲಿಯನ್ನು ಜನ ನೋಡುವ ಹೊತ್ತು ದೀಪ ಹಚ್ಚಿದ ಮೇಲಿನದ್ದು. ಆದ್ದರಿಂದ ಹಿಂದಿನ ಸಂಜೆಯೇ ಒಂದೇ ಒಂದು ಹೋಳನ್ನು, ಅದೇ ಜಾಗದಲ್ಲಿ, ಅದೇ ಪುಡಿಯಲ್ಲಿ ತುಂಬಿ ಒಬ್ಬರು ಮೂರನೇ ಮಹಡಿಗೆ, ಇನ್ನೊಬ್ಬರು ಏಳನೆಯದಕ್ಕೆ ಹೋಗಿ ನೋಡಿ ಬರಲಿ. ಅವರು ನೋಡಬೇಕಾದ್ದು ಮೂರೇ: ಅಂಚಿನ ಹಲ್ಲುಗಳನ್ನು ಎಣಿಸಲು ಬರುತ್ತದೆಯೇ, ಎಲೆ ಎಸಳಿನಿಂದ ಬೇರೆಯಾಗಿ ತೋರುತ್ತದೆಯೇ, ಮೂಲೆ ಎಲ್ಲಿ ಮುಗಿಯುತ್ತದೆ ಎಂದು ಬೆರಳು ಮಾಡಿ ತೋರಿಸಬಹುದೇ.

ಹಣತೆ ಇಡುವವರು ಹೂವಿನ ಮಧ್ಯಕ್ಕೆ ರಾಶಿ ಹಾಕುವ ಬದಲು ಆರು ಮೂಲೆಯ ಚುಕ್ಕಿಗಳ ಮೇಲೆ ಒಂದೊಂದು ಇಡಲಿ. ಮಧ್ಯದ ಬೆಳಕು ಸುತ್ತಲಿನದನ್ನು ಇನ್ನಷ್ಟು ಕತ್ತಲು ಮಾಡುತ್ತದೆ. ಮೂಲೆಯ ಬೆಳಕಾದರೆ, ಕೆಂಪು ಪೂರ್ತಿ ಕಪ್ಪಾದ ಮೇಲೂ ಏಳನೇ ಮಹಡಿಯವರಿಗೆ ಆರು ಮೂಲೆಯ ಆಕಾರ ಉಳಿದಿರುತ್ತದೆ. ಹಣತೆಗಳು ಚುಕ್ಕಿಯ ಮೇಲೇ ಕೂರಲಿ. ಕತ್ತಲಲ್ಲಿ ಒಂದು ಹಣತೆ ಒಂದು ಗೇಣು ಸರಿದರೂ, ಉಳಿದದ್ದೇನೂ ಕಾಣದ ಹೊತ್ತಿನಲ್ಲಿ, ಇಡೀ ರಂಗೋಲಿಯೇ ಸೊಟ್ಟಗಾದಂತೆ ತೋರುತ್ತದೆ.